ಉಳಿದವರು 228, ಬಿಟ್ಟುಹೋದವರು 227: ಒಂದು ಚಾನೆಲ್ ಮೆಂಬರ್‌ಶಿಪ್‌ನ ಪ್ರಕರಣ

ನೋಡುಗರು ತಿಂಗಳು ತಿಂಗಳು ದುಡ್ಡು ಕೊಟ್ಟು ಸೇರುವ ಮೆಂಬರ್‌ಶಿಪ್ ಅನ್ನು ತನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಶುರು ಮಾಡಿ ಆರು ತಿಂಗಳು ತುಂಬಿದ ದಿನ ಗೆಳತಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಅದರಲ್ಲಿ ಒಂದೇ ಸಂಖ್ಯೆ ಇತ್ತು, ಮೆಂಬರ್‌ಗಳು 228. ಶುರುವಾದ ತಿಂಗಳು 212 ಇದ್ದದ್ದು ಈಗ 228 ಆಗಿದೆ, ನಿಧಾನವಾದರೂ ಏರುತ್ತಿದೆ ಅಂತ ಅವಳಿಗೆ ಸಮಾಧಾನ. ಜೊತೆಗೇ ಇನ್ನೊಂದು ಸಾಲು ಬರೆದಿದ್ದಳು: "ಆದ್ರೆ ಲೈವ್‌ನಲ್ಲಿ ಪ್ರತಿ ಸಲ ಹೊಸ ಮುಖಗಳೇ ಕಾಣ್ತವೆ ಕಣೇ. ಹಳಬರು ಎಲ್ಲಿ ಹೋದ್ರು?"

ಈ ಬರಹ ಆ ಪ್ರಶ್ನೆಯ ಬೆನ್ನುಹತ್ತಿ ಹೋದದ್ದರ ಕಥೆ. ಅವಳು ಯೂಟ್ಯೂಬ್‌ನಲ್ಲಿ ಜಲವರ್ಣ ಚಿತ್ರ ಬಿಡಿಸುವುದನ್ನು ಕಲಿಸುತ್ತಾಳೆ. ಆಗ ಸುಮಾರು 42 ಸಾವಿರ ಸಬ್‌ಸ್ಕ್ರೈಬರ್‌ಗಳಿದ್ದರು. ವಾರಕ್ಕೊಂದು ವಿಡಿಯೋ ತಪ್ಪದೆ ಬರುತ್ತಿತ್ತು. ಲೆಕ್ಕದ ಹಾಳೆ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಅವಳ ಒಪ್ಪಿಗೆ ಪಡೆದೇ ಈ ಅಂಕಿಗಳನ್ನು ಹಾಕುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾಳೆ.

## ಶುರುವಿನಲ್ಲಿ ಇಟ್ಟಿದ್ದ ನಾಲ್ಕು ಲೆವೆಲ್

ಬೆಲೆಗಳನ್ನು ಹಣದಲ್ಲಿ ಹೇಳುವುದಕ್ಕಿಂತ ಪಾಲಿನಲ್ಲಿ ಹೇಳಿದರೆ ಎಲ್ಲರಿಗೂ ಉಪಯೋಗ. ಎಲ್ಲಕ್ಕಿಂತ ಕೆಳಗಿನ ಲೆವೆಲ್‌ನ ತಿಂಗಳ ಬೆಲೆಯನ್ನು 1 ಎಂದುಕೊಳ್ಳಿ. ಅವಳ ನಾಲ್ಕು ಲೆವೆಲ್‌ಗಳ ಬೆಲೆ 1, 3, 6 ಮತ್ತು 15 ಆಗಿತ್ತು.

ಮೊದಲನೆಯದರಲ್ಲಿ ಹೆಸರಿನ ಪಕ್ಕ ಬರುವ ಬ್ಯಾಡ್ಜ್ ಮತ್ತು ಅವಳೇ ಬಿಡಿಸಿದ ಎಮೋಜಿಗಳು. ಎರಡನೆಯದರಲ್ಲಿ ವಿಡಿಯೋ ಎರಡು ದಿನ ಮೊದಲೇ ನೋಡುವ ಅವಕಾಶ, ಜೊತೆಗೆ ಮೆಂಬರ್‌ಗಳಿಗೆ ಮಾತ್ರ ಕಾಣುವ ವಾರದ ಪೋಸ್ಟ್. ಮೂರನೆಯದರಲ್ಲಿ ತಿಂಗಳಿಗೊಂದು ಒಂದೂವರೆ ಗಂಟೆಯ ಲೈವ್, ನೋಡಿ ಬಿಡಿಸಲು ಫೋಟೋಗಳು. ನಾಲ್ಕನೆಯದರಲ್ಲಿ, ಮೆಂಬರ್ ಕಳಿಸಿದ ಒಂದು ಚಿತ್ರವನ್ನು ಅವಳು ನೋಡಿ, ಎಲ್ಲಿ ಸರಿ ಹೋಗಿದೆ, ಎಲ್ಲಿ ನೀರು ಜಾಸ್ತಿಯಾಗಿದೆ ಅಂತ ಹೇಳುವ ಪ್ರತ್ಯೇಕ ವಿಡಿಯೋ. ಯೂಟ್ಯೂಬ್‌ನಲ್ಲಿ ಮೇಲಿನ ಲೆವೆಲ್‌ನವರಿಗೆ ಕೆಳಗಿನ ಎಲ್ಲಾ ಸೌಲಭ್ಯಗಳೂ ಸಿಗುತ್ತವೆ. ಹಾಗಾಗಿ ನಾಲ್ಕನೆಯವರಿಗೆ ಇದೆಲ್ಲವೂ ಇತ್ತು.

ಕಾಗದದ ಮೇಲೆ ಇದು ಚೆನ್ನಾಗೇ ಕಾಣುತ್ತದೆ. ನಾನೂ ಆಗ ಚೆನ್ನಾಗಿದೆ ಅಂತಲೇ ಹೇಳಿದ್ದೆ.

## ಒಟ್ಟು ಸಂಖ್ಯೆ ಮುಚ್ಚಿಟ್ಟಿದ್ದು

ಚಾನೆಲ್ ನಡೆಸುವವರು ಬಳಸುವ ಯೂಟ್ಯೂಬ್ ಸ್ಟುಡಿಯೋದಲ್ಲಿ ಈಗ ಇರುವ ಮೆಂಬರ್‌ಗಳ ಪಟ್ಟಿಯನ್ನು ಫೈಲ್ ಆಗಿ ಇಳಿಸಿಕೊಳ್ಳಬಹುದು. ಯಾವ ಲೆವೆಲ್, ಎಷ್ಟು ಕಾಲದಿಂದ ಇದ್ದಾರೆ ಎಂಬುದು ಅದರಲ್ಲಿ ಇರುತ್ತದೆ. ನಮ್ಮ ಅದೃಷ್ಟಕ್ಕೆ ಗೆಳತಿ ಪ್ರತಿ ತಿಂಗಳು ಒಂದನೇ ತಾರೀಖು ಆ ಫೈಲ್ ಇಳಿಸಿ ಇಟ್ಟಿದ್ದಳು. ಚಿತ್ರ ವಿಮರ್ಶೆ ಯಾರಿಗೆ ಮಾಡಬೇಕು ಅಂತ ನೋಡಿಕೊಳ್ಳಲು ಮಾತ್ರ. ಆ ಆರು ಫೈಲ್‌ಗಳೇ ನಮಗೆ ದಾರಿ ತೋರಿಸಿದವು.

ಕೆಲಸ ಸರಳ. ಒಂದು ಹಾಳೆಯಲ್ಲಿ ಪ್ರತಿ ಮೆಂಬರ್‌ಗೆ ಒಂದು ಸಾಲು. B ಕಾಲಮ್‌ನಲ್ಲಿ ಆ ಹೆಸರು ಮೊದಲು ಕಂಡ ತಿಂಗಳು, C ಕಾಲಮ್‌ನಲ್ಲಿ ಕೊನೆಗೆ ಕಂಡ ತಿಂಗಳು. ಮೊದಲ ತಿಂಗಳು ಸೇರಿದವರಲ್ಲಿ ಎಷ್ಟು ಜನ ಎರಡನೇ ತಿಂಗಳಿಗೂ ಇದ್ದರು ಅಂತ ಎಣಿಸಲು ಇಷ್ಟು ಸಾಕು:

```
=COUNTIFS(B:B,1,C:C,">=2")
```

ತಿಂಗಳಿಗೊಂದೇ ಸಲ ಪಟ್ಟಿ ತೆಗೆದರೆ ನಡುವೆ ಬಂದು ಹೋದವರು ತಪ್ಪಿಹೋಗುವುದಿಲ್ಲವೇ ಅಂತ ನನಗೂ ಅನುಮಾನ ಬಂತು. ಹಾಗಾಗುವುದು ಕಡಿಮೆ. ಇವತ್ತು ಸೇರಿ ನಾಳೆಯೇ ರದ್ದು ಮಾಡಿದರೂ, ದುಡ್ಡು ಕೊಟ್ಟ ಆ ಒಂದು ತಿಂಗಳು ಮುಗಿಯುವವರೆಗೆ ಅವರು ಮೆಂಬರ್ ಆಗಿಯೇ ಇರುತ್ತಾರೆ. ಹಾಗಾಗಿ ಒಂದಲ್ಲ ಒಂದು ಒಂದನೇ ತಾರೀಖಿನ ಪಟ್ಟಿಯಲ್ಲಿ ಸಿಕ್ಕೇ ಸಿಗುತ್ತಾರೆ.

ಹಾಳೆ ತುಂಬಿದ ಮೇಲೆ ಕಂಡದ್ದು ಇದು. "2ನೇ" ಅಂದರೆ ಸೇರಿದ ಮೇಲೆ ಅವರವರ ಎರಡನೇ ತಿಂಗಳು.

| ಸೇರಿದ ತಿಂಗಳು | ಸೇರಿದವರು | 2ನೇ ತಿಂಗಳಿಗೆ ಉಳಿದವರು | 3ನೇ | 4ನೇ |
|---|---|---|---|---|
| 1 | 212 | 138 | 112 | 101 |
| 2 | 60 | 36 | 28 | 25 |
| 3 | 45 | 27 | 21 | 19 |
| 4 | 48 | 29 | 22 | – |
| 5 | 44 | 26 | – | – |
| 6 | 46 | – | – | – |

ಆರು ತಿಂಗಳಲ್ಲಿ ಸೇರಿದವರು ಒಟ್ಟು 455. ಉಳಿದವರು 228. ಅಂದರೆ 227 ಜನ ಬಂದು ಹೋಗಿದ್ದರು. ಗೆಳತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲೈವ್‌ನಲ್ಲಿ ಹೊಸ ಮುಖಗಳೇ ಕಾಣುತ್ತವೆ ಅಂತ ಅವಳಿಗೆ ಅನಿಸಿದ್ದು ಸುಮ್ನೆ ಅಲ್ಲ.

ಈಗ ಒಂದೊಂದೇ ಸಾಲನ್ನು ಎಡದಿಂದ ಬಲಕ್ಕೆ ಓದಿ. ದೊಡ್ಡ ಇಳಿತ ಎಲ್ಲಿದೆ? ಎಲ್ಲಾ ಸಾಲಿನಲ್ಲೂ ಮೊದಲ ಹೆಜ್ಜೆಯಲ್ಲೇ. ಆ 227 ಜನರಲ್ಲಿ 153 ಜನ ಎರಡನೇ ಸಲ ದುಡ್ಡು ಕೊಡುವ ಹೊತ್ತಿಗೇ ಹೋಗಿದ್ದರು. ಮೂರು ನಾಲ್ಕು ತಿಂಗಳು ಇದ್ದವರು ಆಮೇಲೆ ಅಷ್ಟಾಗಿ ಹೋಗುವುದಿಲ್ಲ. ಮೊದಲ ತಿಂಗಳು ಸೇರಿದವರಲ್ಲಿ 101 ಜನ ನಾಲ್ಕನೇ ತಿಂಗಳಿಗಿದ್ದರು, ಆರನೆಯದಕ್ಕೂ 92 ಜನ ಇದ್ದರು.

ಇದು ಮುಖ್ಯ ಯಾಕೆಂದರೆ, ಅಲ್ಲಿಯವರೆಗೆ ಗೆಳತಿ ಹಳಬರಿಗೆ ಬೇಜಾರಾಗಿದೆ, ಅವರಿಗೆ ಇನ್ನೂ ಹೆಚ್ಚು ಕೊಡಬೇಕು ಅಂತ ಯೋಚಿಸುತ್ತಿದ್ದಳು. ಐದನೇ ಲೆವೆಲ್ ಮಾಡುವ ಯೋಜನೆಯೂ ಇತ್ತು. ಸೋರುತ್ತಿದ್ದದ್ದು ಅಲ್ಲಿ ಅಲ್ಲವೇ ಅಲ್ಲ.

ಒಂದು ತಿದ್ದುಪಡಿ ಮಾಡಬೇಕಿತ್ತು. ಮೊದಲ ಎರಡು ಮೂರು ಲೈವ್‌ಗಳಲ್ಲಿ ಕೆಲವರು ಬೇರೆಯವರಿಗೆ ಮೆಂಬರ್‌ಶಿಪ್ ಗಿಫ್ಟ್ ಕೊಟ್ಟಿದ್ದರು. ಗಿಫ್ಟ್ ಒಂದು ತಿಂಗಳಿಗೆ ಮಾತ್ರ. ಅದು ತಾನಾಗಿ ಮುಂದುವರಿಯುವುದಿಲ್ಲ. ಅವರನ್ನು "ಬಿಟ್ಟುಹೋದವರು" ಅನ್ನುವುದು ಅನ್ಯಾಯ. ಆ ಲೈವ್‌ಗಳ ಚಾಟ್ ಮತ್ತೆ ತೆರೆದು, ಗಿಫ್ಟ್ ಪಡೆದ ಹೆಸರುಗಳನ್ನು ಪಟ್ಟಿಯೊಂದಿಗೆ ಹೋಲಿಸಿ ನೋಡಿದೆವು. 153ರಲ್ಲಿ 34 ಜನ ಗಿಫ್ಟ್‌ನಿಂದ ಬಂದವರು. ಆರನೇ ತಿಂಗಳು ಸೇರಿದ 46 ಜನಕ್ಕೆ ಎರಡನೇ ತಿಂಗಳು ಇನ್ನೂ ಬಂದಿರಲಿಲ್ಲ, ಅವರನ್ನು ಬಿಟ್ಟರೆ 409. ಗಿಫ್ಟ್‌ನವರನ್ನು ಎರಡೂ ಕಡೆಯಿಂದ ತೆಗೆದರೆ, ಎರಡನೇ ತಿಂಗಳು ನೋಡಬೇಕಿದ್ದ 375 ಜನರಲ್ಲಿ 119 ಜನ ಹೋಗಿದ್ದರು. ನೂರಕ್ಕೆ 32. ಮುಂದೆ ನಾವು ಹೋಲಿಸಿಕೊಂಡದ್ದು ಈ 32ರ ಜೊತೆಗೇ.

## ಹೋದವರನ್ನೇ ಕೇಳಿದ್ದು

ರದ್ದು ಮಾಡುವಾಗ ವೇದಿಕೆ ಕಾರಣ ಕೇಳುತ್ತದೆ, ನಿಜ. ಆದರೆ ಅಲ್ಲಿ ಒಂದು ಸಾಲು ಆರಿಸಿ ಒತ್ತುವುದಷ್ಟೇ. ಗೆಳತಿಗೆ ಅದು ಸಾಲಲಿಲ್ಲ. ಬಿಟ್ಟುಹೋದವರಲ್ಲಿ ಕೆಲವರು ಈಗಲೂ ಮಾಮೂಲಿ ವಿಡಿಯೋಗಳ ಕೆಳಗೆ ಕಾಮೆಂಟ್ ಹಾಕುತ್ತಿದ್ದರು. ಅವರಿಗೆ ಚಾನೆಲ್ ಮೇಲೆ ಕೋಪವಿಲ್ಲ ಅಂತಾಯಿತು. ಅವಳು ಅವರಿಗೆ ಒಂದು ಪುಟ್ಟ ಪ್ರಶ್ನೆ ಹಾಕಿದಳು: "ಮತ್ತೆ ಸೇರಿ ಅಂತ ಕೇಳ್ತಿಲ್ಲ. ಯಾಕೆ ಬಿಟ್ರಿ ಅಂತ ಗೊತ್ತಾದ್ರೆ ನಾನು ಸರಿ ಮಾಡಿಕೊಳ್ತೀನಿ." ಆ ಮೊದಲ ವಾಕ್ಯ ತುಂಬಾ ಕೆಲಸ ಮಾಡಿತು ಅಂತ ನನ್ನ ನಂಬಿಕೆ. 20 ಜನ ಉತ್ತರ ಕೊಟ್ಟರು.

ಬೆಲೆ ಜಾಸ್ತಿ ಅಂದವರು ಇಬ್ಬರೇ. ನಾಲ್ಕನೇ ಲೆವೆಲ್‌ನ ಇಬ್ಬರು ಚಿತ್ರದ ವಿಮರ್ಶೆ ತುಂಬಾ ತಡವಾಯಿತು ಅಂದರು. ಐದು ಜನ ನಿಜವಾಗಿ ಬಿಟ್ಟೇ ಇರಲಿಲ್ಲ. ಕಾರ್ಡ್ ಬದಲಾಗಿತ್ತು, ದುಡ್ಡು ಕಟ್ಟಾಗಲಿಲ್ಲ, ಅವರಿಗೆ ಗೊತ್ತೇ ಆಗಿರಲಿಲ್ಲ. ಉಳಿದ 11 ಜನ ಬೇರೆ ಬೇರೆ ಮಾತಿನಲ್ಲಿ ಒಂದೇ ವಿಷಯ ಹೇಳಿದರು. ಸೇರಿದ ಮೇಲೆ ಏನೂ ಆಗಲಿಲ್ಲ.

ಏನೂ ಆಗಲಿಲ್ಲವೇ? ಗೆಳತಿಗೆ ಇದು ನಂಬಲಾಗಲಿಲ್ಲ. ತಿಂಗಳಿಗೆ 18 ಗಂಟೆ ಮೆಂಬರ್‌ಗಳಿಗಾಗಿಯೇ ದುಡಿಯುತ್ತಿದ್ದಳು. ಆದರೆ ಒಬ್ಬರ ಉತ್ತರವನ್ನು ತಾರೀಖು ಇಟ್ಟುಕೊಂಡು ನೋಡಿದಾಗ ವಿಷಯ ಬಿಚ್ಚಿಕೊಂಡಿತು.

ಆ ವ್ಯಕ್ತಿ ಮೂರನೇ ಲೆವೆಲ್‌ಗೆ ಸೇರಿದ್ದು 30ನೇ ತಾರೀಖು. ಲೈವ್‌ಗೋಸ್ಕರವೇ ಸೇರಿದ್ದರು. ಆ ತಿಂಗಳ ಲೈವ್ 28ಕ್ಕೇ ಆಗಿಹೋಗಿತ್ತು. ಪರವಾಗಿಲ್ಲ, ಮುಂದಿನದು ಇನ್ನೊಂದು 28ಕ್ಕೆ ಇದೆಯಲ್ಲ ಅಂತ ಕಾದರು. ಆ ಸಲ ಗೆಳತಿಗೆ ಜ್ವರ ಬಂದು ಲೈವ್ ಮರು ತಿಂಗಳ 6ಕ್ಕೆ ಹೋಯಿತು. ಮೆಂಬರ್‌ಶಿಪ್ ದುಡ್ಡು ಕ್ಯಾಲೆಂಡರ್ ತಿಂಗಳಿಗೆ ಸರಿಯಾಗಿ ಹೋಗುವುದಿಲ್ಲ, ಸೇರಿದ ತಾರೀಖಿಗೆ ಸರಿಯಾಗಿ ಹೋಗುತ್ತದೆ. ಅವರಿಗೆ ಎರಡನೇ ಸಲ ಕಟ್ಟಾಗುವುದು 30ಕ್ಕೆ. ಅಂದರೆ ಒಂದು ಪೂರ್ತಿ ತಿಂಗಳ ದುಡ್ಡಿಗೆ ಒಂದೂ ಲೈವ್ ಸಿಗಲಿಲ್ಲ. 29ಕ್ಕೆ ರದ್ದು ಮಾಡಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಗೆಳತಿಯ ಲೆಕ್ಕದಲ್ಲಿ ಅವಳು ಸುಮಾರು ಒಂದು ವಾರವಷ್ಟೇ ತಡ ಮಾಡಿದ್ದಳು. ಆ ಮೆಂಬರ್ ಲೆಕ್ಕದಲ್ಲಿ ಕೊಟ್ಟ ಮಾತು ಒಂದು ತಿಂಗಳು ಪೂರ್ತಿ ತಪ್ಪಿತ್ತು. "ತಿಂಗಳಿಗೊಂದು" ಎಂದು ಬರೆಯುವ ಯಾವ ಸೌಲಭ್ಯಕ್ಕೂ ಈ ಅಪಾಯ ಇದ್ದೇ ಇದೆ. ತಡವಾಗದಿದ್ದರೂ, ಲೈವ್ ಮುಗಿದ ಮರುದಿನ ಸೇರಿದವರು ಮೊದಲ ಅನುಭವಕ್ಕೆ ನಾಲ್ಕು ವಾರ ಕಾಯಬೇಕು. ಮುಂದುವರಿಸಬೇಕೋ ಬೇಡವೋ ಅಂತ ಅವರು ತೀರ್ಮಾನ ಮಾಡುವುದು ಕೂಡ ಆ ದಿನಗಳಲ್ಲೇ.

ಆ 11 ಜನರಲ್ಲಿ ಹೀಗೆ ತಾರೀಖಿನ ಸಂದಿಯಲ್ಲಿ ಬಿದ್ದವರು ನಾಲ್ವರು. ಇನ್ನು ಏಳು ಜನ ಒಂದು ಮತ್ತು ಎರಡನೇ ಲೆವೆಲ್‌ನವರು. ಅವರಿಗೆ ಸೇರಿದ ದಿನ ಬ್ಯಾಡ್ಜ್ ಬಂತು. ಅಲ್ಲಿಗೆ ಮುಗಿಯಿತು. ಒಬ್ಬರು ಬರೆದದ್ದು ಹೀಗೆ: "ಬಟನ್ ಒತ್ತಿದೆ, ದುಡ್ಡು ಹೋಯ್ತು, ಆಮೇಲೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗ್ಲಿಲ್ಲ."

## ಬೆಲೆ ಇಳಿಸೋಣವೇ?

ಗೆಳತಿಯ ಮೊದಲ ಯೋಚನೆ ಕೆಳಗಿನ ಲೆವೆಲ್ ಬೆಲೆಯನ್ನು ಅರ್ಧ ಮಾಡುವುದಾಗಿತ್ತು. ನಾನು ಬೇಡ ಅಂದೆ. 20ರಲ್ಲಿ ಇಬ್ಬರು ಮಾತ್ರ ಬೆಲೆಯ ಮಾತೆತ್ತಿದ್ದರು. ಅರ್ಧ ಮಾಡಿದರೆ ಉಳಿದವರಿಂದ ಬರುವುದೂ ಅರ್ಧವಾಗುತ್ತದೆ. ತೆರಿಗೆ ಮತ್ತಿತರ ಕಡಿತಗಳಾದ ಮೇಲೆ ಯೂಟ್ಯೂಬ್ ಚಾನೆಲ್‌ಗೆ ಕೊಡುವುದು ನೂರಕ್ಕೆ 70. ಅಷ್ಟು ಚಿಕ್ಕ ಮೊತ್ತದಲ್ಲಿ ಅದರ 70 ಪಾಲು ಅಂದರೆ ಕೈಗೆ ಬರುವುದು ತೀರಾ ಕಡಿಮೆ.

ಬೆಲೆಯ ಬಗ್ಗೆ ಜನ ಹೇಗೆ ಯೋಚಿಸುತ್ತಾರೆ ಎಂಬುದಕ್ಕೆ ನಾನು ಅವಳಿಗೆ ಕಲಾವಿದರಿಗೆ ಅಭಿಮಾನಿಗಳು ತಿಂಗಳು ತಿಂಗಳು ದುಡ್ಡು ಕೊಡುವ ಪೇಟ್ರಿಯಾನ್ ವೇದಿಕೆಯ ಹಳೆಯ ಘಟನೆ ನೆನಪಿಸಿದೆ. 2017ರ ಡಿಸೆಂಬರ್‌ನಲ್ಲಿ ಆ ವೇದಿಕೆ, ಬೆಂಬಲಿಗರು ಕೊಡುವ ಪ್ರತಿ ಮೊತ್ತದ ಮೇಲೆ ನೂರಕ್ಕೆ 2.9 ಮತ್ತು 35 ಸೆಂಟ್ ಸೇವಾ ಶುಲ್ಕವನ್ನು ಬೆಂಬಲಿಗರಿಂದಲೇ ತೆಗೆದುಕೊಳ್ಳುವುದಾಗಿ ಹೇಳಿತು. ಒಂದು ಡಾಲರ್ ಕೊಡುವವರು 1.38 ಡಾಲರ್ ಕೊಡಬೇಕಾಗುತ್ತಿತ್ತು. ನೂರು ಡಾಲರ್ ಕೊಡುವವರಿಗೆ ಅದು ದೊಡ್ಡ ವಿಷಯವಲ್ಲ. ಆದರೆ ಹತ್ತಾರು ಜನರಿಗೆ ಒಂದೊಂದು ಡಾಲರ್ ಹಂಚುತ್ತಿದ್ದವರಿಗೆ ಎಲ್ಲಾ ಕಡೆಯೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿಕೆ. ಅವರು ಬೆಂಬಲ ರದ್ದು ಮಾಡತೊಡಗಿದರು. ವೇದಿಕೆ ಕೆಲವೇ ದಿನಗಳಲ್ಲಿ ಆ ಯೋಜನೆ ಕೈಬಿಟ್ಟಿತು. ಜನ ಎದ್ದದ್ದು ಬೆಲೆ ತಾವು ಒಪ್ಪಿದ್ದಕ್ಕಿಂತ ಬೇರೆಯಾದಾಗ. ಗೆಳತಿಯ ಮೆಂಬರ್‌ಗಳು ಬೆಲೆ ಒಪ್ಪಿಯೇ ಸೇರಿದ್ದರು. ಅವರಿಗೆ ಸಿಗದೆ ಹೋದದ್ದು ಬೇರೆ.

ಬೆಲೆ ಮುಟ್ಟಲಿಲ್ಲ. ಲೆವೆಲ್‌ಗಳನ್ನೂ ಅಳಿಸಲಿಲ್ಲ. ದುಡ್ಡು ಕೊಡುತ್ತಿರುವ ಜನ ಇರುವ ಲೆವೆಲ್ ಅಳಿಸುವುದು ಅವರ ಕಾಲ ಕೆಳಗಿನ ನೆಲ ಎಳೆದಂತೆ. ಒಳಗೆ ಏನಿದೆ ಎಂಬುದನ್ನು ಬದಲಿಸುವುದು ಸಾಧ್ಯವಿತ್ತು. ಅದನ್ನೇ ಮಾಡಿದೆವು.

## ನಾಲ್ಕನೇ ಲೆವೆಲ್‌ನ ಭಾರ

ಮೊದಲು ಕೈಹಾಕಿದ್ದು ಚಿತ್ರ ವಿಮರ್ಶೆಗೆ. ಯಾಕೆಂದರೆ ಲೈವ್ ತಡವಾಗಲು ಅದೂ ಕಾರಣವಾಗಿತ್ತು.

ಆರನೇ ತಿಂಗಳಲ್ಲಿ ಲೆವೆಲ್‌ವಾರು ಜನ 131, 52, 31 ಮತ್ತು 14. ಬೆಲೆಯ ಪಾಲಿನಿಂದ ಗುಣಿಸಿದರೆ 131, 156, 186 ಮತ್ತು 210. ಅಂದರೆ 14 ಜನ ತರುತ್ತಿದ್ದದ್ದು ಒಟ್ಟು 683ರಲ್ಲಿ 210. ಮೂರನೇ ಒಂದು ಭಾಗದ ಹತ್ತಿರ. ಆದರೆ ಒಬ್ಬರಿಗೆ 50 ನಿಮಿಷ ಬೇಕಿತ್ತು. ಚಿತ್ರ ನೋಡುವುದು, ಕ್ಯಾಮೆರಾ ಮುಂದೆ ಮಾತಾಡುವುದು, ತಪ್ಪಿದಲ್ಲಿ ಮತ್ತೆ ಹೇಳುವುದು, ಕತ್ತರಿಸಿ ಏರಿಸುವುದು. 14 ಜನಕ್ಕೆ ಸುಮಾರು 11 ಗಂಟೆ 40 ನಿಮಿಷ. ಮೊದಲ ತಿಂಗಳು 22 ಜನ ಇದ್ದರು. ಆಗ 18 ಗಂಟೆ ದಾಟಿತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ನೋಡಬೇಕು. ಲೈವ್‌ಗೆ 30 ಜನ ಬಂದರೂ 300 ಜನ ಬಂದರೂ ಗೆಳತಿಗೆ ಬೀಳುವ ಕೆಲಸ ಹೆಚ್ಚುಕಡಿಮೆ ಅಷ್ಟೇ. ವಿಮರ್ಶೆ ಹಾಗಲ್ಲ. ಒಬ್ಬೊಬ್ಬ ಮೆಂಬರ್ ಸೇರಿದಂತೆ ಒಂದೊಂದು ತುಂಡು ಕೆಲಸ ಕೂಡುತ್ತದೆ. ಹೆಚ್ಚು ಜನ ಸೇರಿದ ತಿಂಗಳೇ ಹೆಚ್ಚು ತಡವಾಗುತ್ತದೆ. ತಡವಾದರೆ ಜನ ಹೋಗುತ್ತಾರೆ. ಹೋದ ಮೇಲೆ ಕೆಲಸ ಸರಿಹೋಗುತ್ತದೆ. ನಾಲ್ಕನೇ ಲೆವೆಲ್ 22ರಿಂದ 14ಕ್ಕೆ ಬಂದು ನಿಂತದ್ದು ಹೀಗೆಯೇ ಅಂತ ನನಗನಿಸುತ್ತದೆ. ಅವಳ ಕೈಗೆ ಆಗುವಷ್ಟು ಜನ ಮಾತ್ರ ಉಳಿದಿದ್ದರು.

ಅಲ್ಲದೆ ಚಿತ್ರಕಲೆಯಲ್ಲಿ ಮೂರು ವಾರ ತಡವಾದ ವಿಮರ್ಶೆಗೆ ಬೆಲೆಯಿಲ್ಲ. ಆ ಹೊತ್ತಿಗೆ ಕಲಿಯುವವರು ಇನ್ನೂ ನಾಲ್ಕು ಚಿತ್ರ ಬಿಡಿಸಿರುತ್ತಾರೆ, ಅದೇ ತಪ್ಪಿನೊಂದಿಗೆ.

ಹಾಗಾಗಿ ರೂಪ ಬದಲಿಸಿದೆವು. ವಿಡಿಯೋ ಬದಲು, ಮೆಂಬರ್ ಕಳಿಸಿದ ಚಿತ್ರದ ಮೇಲೆಯೇ ಬಣ್ಣದ ಗೆರೆಯಲ್ಲಿ ಮೂರು ಗುರುತು. ಜೊತೆಗೆ ಮೂರು ನಿಮಿಷದ ಧ್ವನಿ. ಮೂರಕ್ಕಿಂತ ಹೆಚ್ಚು ಗುರುತು ಹಾಕುವಂತಿಲ್ಲ ಅಂತ ಅವಳೇ ನಿಯಮ ಮಾಡಿಕೊಂಡಳು. 10ನೇ ತಾರೀಖಿನೊಳಗೆ ಚಿತ್ರ ಕಳಿಸಬೇಕು, 20ರೊಳಗೆ ಉತ್ತರ ಹೋಗಬೇಕು. 10 ದಾಟಿದ ಮೇಲೆ ಸೇರಿದ ಹೊಸಬರಿಗೆ ಮಾತ್ರ ಆ ಮೊದಲ ಸಲ ಒಂದು ವಾರದೊಳಗೆ ಉತ್ತರ. ಒಬ್ಬರಿಗೆ 18 ನಿಮಿಷ ಹಿಡಿಯಿತು. 14 ಜನಕ್ಕೆ ನಾಲ್ಕು ಗಂಟೆ ಸ್ವಲ್ಪ ಮೇಲೆ.

ಆ 14 ಜನರಿಗೆ ಒಂದು ತಿಂಗಳು ಮೊದಲೇ ಹೇಳಿದಳು. ಹೊಸ ರೀತಿಯ ಒಂದು ಮಾದರಿಯನ್ನು ತನ್ನದೇ ಹಳೆಯ ಚಿತ್ರದ ಮೇಲೆ ಮಾಡಿ ತೋರಿಸಿದಳು. ಒಬ್ಬರು ಮಾತ್ರ ಹೋದರು. ಮೂವರು ಇದೇ ಚೆನ್ನಾಗಿದೆ ಅಂದರು, ಗುರುತು ಹಾಕಿದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಬಿಡಿಸಬಹುದು ಅಂತ.

ಈ ನಡುವೆ ಬಂದ ಇನ್ನೊಂದು ಯೋಚನೆಯನ್ನು ಬಿಡಬೇಕಾಯಿತು. ಕೆಳಗಿನ ಲೆವೆಲ್‌ನವರಿಗೂ ಆಸೆ ಹುಟ್ಟಿಸಲು, ಪ್ರತಿ ಲೈವ್‌ನಲ್ಲಿ ಚೀಟಿ ಎತ್ತಿ ಒಬ್ಬರ ಚಿತ್ರ ವಿಮರ್ಶೆ ಮಾಡೋಣ ಅಂತಿದ್ದಳು. ಯೂಟ್ಯೂಬ್ ಮೆಂಬರ್‌ಶಿಪ್ ನಿಯಮದಲ್ಲಿ ಲಾಟರಿಯ ಥರ ಅದೃಷ್ಟದ ಮೇಲೆ ನಿಂತ ಸೌಲಭ್ಯಕ್ಕೆ ಅವಕಾಶವಿಲ್ಲ. ಎದುರಾಬದುರು ಒಬ್ಬೊಬ್ಬರನ್ನೇ ಭೇಟಿಯಾಗುವುದನ್ನೂ ಸೌಲಭ್ಯವಾಗಿ ಇಡುವಂತಿಲ್ಲ. ಹಾಗಾಗಿ ಚೀಟಿ ಬಿಟ್ಟು ಸಾಲು ಇಟ್ಟಳು. ಮೊದಲು ಕಳಿಸಿದವರದು ಮೊದಲು, ಒಂದು ಲೈವ್‌ಗೆ ಎರಡು ಚಿತ್ರ. ತಮ್ಮ ಸರದಿ ಯಾವ ಲೈವ್‌ಗೆ ಬರುತ್ತದೆ ಅಂತ ಮೆಂಬರ್‌ಗೆ ಮೊದಲೇ ಗೊತ್ತಿರುತ್ತದೆ. ಇದು ಚೀಟಿಗಿಂತ ಚೆನ್ನಾಗಿ ಕೆಲಸ ಮಾಡಿತು. ಸರದಿ ಬರುವವರೆಗೆ ಯಾರೂ ಬಿಡುವುದಿಲ್ಲ, ಅಲ್ವಾ?

## ಮೊದಲ ತಿಂಗಳನ್ನು ತುಂಬಿದ್ದು

ಒಂದೂವರೆ ಗಂಟೆಯ ಒಂದು ಲೈವ್ ಅನ್ನು 40 ನಿಮಿಷದ ಎರಡು ಲೈವ್ ಮಾಡಿದೆವು. ಎರಡನೇ ಮತ್ತು ನಾಲ್ಕನೇ ಶನಿವಾರ. ಹೀಗಿಟ್ಟರೆ ಎರಡು ಲೈವ್ ನಡುವಿನ ಅಂತರ 14 ದಿನ. ಐದು ಶನಿವಾರ ಬರುವ ತಿಂಗಳಲ್ಲಿ ಮಾತ್ರ 21 ದಿನ. ಯಾವ ತಾರೀಖಿಗೆ ಸೇರಿದರೂ ಎರಡನೇ ಸಲ ದುಡ್ಡು ಕಟ್ಟಾಗುವ ಮೊದಲು ಕನಿಷ್ಠ ಒಂದು ಲೈವ್ ಸಿಕ್ಕೇ ಸಿಗುತ್ತದೆ. ಜ್ವರ ಬಂದು ಒಂದು ವಾರ ಮುಂದೆ ಹೋದರೂ ಈ ಮಾತು ತಪ್ಪುವುದಿಲ್ಲ. ಅವಳ ಕೆಲಸ ಹೆಚ್ಚಾಗಲಿಲ್ಲ. ಒಟ್ಟು ನಿಮಿಷ 90 ಇದ್ದದ್ದು 80 ಆಯಿತು.

ಎರಡನೆಯದು, ಸೇರಿದ ದಿನವೇ ಸಿಗುವ ವಸ್ತು. ಹಿಂದಿನ ಆರು ಲೈವ್‌ಗಳು ಯಾರೂ ನೋಡದೆ ಹಾಗೇ ಬಿದ್ದಿದ್ದವು. ಒಂದೊಂದನ್ನೂ 20 ನಿಮಿಷಕ್ಕೆ ಕತ್ತರಿಸಿ, ವಿಷಯಕ್ಕೆ ತಕ್ಕ ಹೆಸರಿಟ್ಟು ಮೆಂಬರ್‌ಗಳ ವಿಡಿಯೋ ಮಾಡಿದಳು. "ಆರನೇ ತಿಂಗಳ ಲೈವ್" ಅಂತಿದ್ದದ್ದು "ಹಸಿ ಕಾಗದದ ಮೇಲೆ ಆಕಾಶ ಹರಿಯದಂತೆ ತಡೆಯುವುದು" ಅಂತಾಯಿತು. ಇದು ಎರಡನೇ ಲೆವೆಲ್‌ಗೆ ಹೋಯಿತು. ಮೂರನೆಯವರು ಲೈವ್‌ನಲ್ಲೇ ಕೂತು ಪ್ರಶ್ನೆ ಕೇಳಬಹುದು, ಎರಡನೆಯವರು ಆಮೇಲೆ ನೋಡಬಹುದು. ಒಂದನೇ ಲೆವೆಲ್‌ನವರಿಗೆ ತಿಂಗಳಿಗೆ ಒಂದು ಹತ್ತು ನಿಮಿಷದ ತುಣುಕು. ಲೈವ್‌ನಿಂದಲೇ ಕತ್ತರಿಸಿದ್ದು.

ಎಲ್ಲಾ ಲೆವೆಲ್‌ಗೂ ಕಾಣುವಂತೆ ಎರಡು ನಿಮಿಷದ ಸ್ವಾಗತ ವಿಡಿಯೋ ಮಾಡಿದಳು. ಅದರಲ್ಲಿ ಭಾಷಣ ಇಲ್ಲ. ಪರದೆ ತೋರಿಸಿ, ಮೆಂಬರ್‌ಗಳ ವಿಡಿಯೋ ಎಲ್ಲಿವೆ, ಪೋಸ್ಟ್ ಎಲ್ಲಿ ಕಾಣುತ್ತದೆ, ಮುಂದಿನ ಲೈವ್ ಯಾವತ್ತು ಅಂತ ಹೇಳುವುದಷ್ಟೇ. ಜಾಯಿನ್ ಬಟನ್ ಒತ್ತಿದ ಕೂಡಲೇ ಕಾಣುವ ಸ್ವಾಗತದ ಮಾತಿನಲ್ಲೂ ಮೊದಲು ಆ ವಿಡಿಯೋ ನೋಡಿ ಅಂತ ಬರೆದಳು.

ಕಾರ್ಡ್ ಬದಲಾಗಿ ಬಿದ್ದುಹೋದವರಿಗೆ ಪರಿಹಾರ ತುಂಬಾ ಸುಲಭ. ಆದರೆ ಅಲ್ಲೊಂದು ಸಣ್ಣ ಗುಟ್ಟಿದೆ. ಗೆಳತಿ ಮೊದಲು ಮೆಂಬರ್‌ಗಳ ಪೋಸ್ಟ್‌ನಲ್ಲೇ "ಕಾರ್ಡ್ ಬದಲಿಸಿದ್ದರೆ ನೋಡಿಕೊಳ್ಳಿ" ಅಂತ ಹಾಕಿದ್ದಳು. ಬಿದ್ದುಹೋದವರಿಗೆ ಅದನ್ನು ಓದಲು ಆಗುವುದೇ ಇಲ್ಲ! ಈಗ ಎರಡು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವ ಪೋಸ್ಟ್‌ನಲ್ಲಿ ಹೇಳುತ್ತಾಳೆ: "ನಿಮ್ಮ ಹೆಸರಿನ ಪಕ್ಕ ಬ್ಯಾಡ್ಜ್ ಕಾಣದಿದ್ದರೆ ಒಮ್ಮೆ ನೋಡಿ."

## ನಾವು ತಪ್ಪಿದ ಜಾಗ

ವಿಡಿಯೋ ಎರಡು ದಿನ ಮೊದಲೇ ನೋಡುವ ಅವಕಾಶವನ್ನು ನಾನು ತೆಗೆಸಿಬಿಟ್ಟೆ. ಆ 20 ಜನರಲ್ಲಿ ಒಬ್ಬರೂ ಅದರ ಹೆಸರೆತ್ತಿರಲಿಲ್ಲ. ಜಲವರ್ಣದ ಪಾಠವನ್ನು ಎರಡು ದಿನ ಮೊದಲು ನೋಡಿ ಯಾರಿಗೇನು ಲಾಭ ಅಂತ ನನ್ನ ವಾದ. ಎರಡನೇ ಲೆವೆಲ್‌ಗೆ ಲೈವ್‌ಗಳ ವಿಡಿಯೋ ಬಂದಿದೆ, ಇದು ಯಾಕೆ ಬೇಕು?

ಆ ತಿಂಗಳು ಎರಡನೇ ಲೆವೆಲ್‌ನಿಂದ 9 ಜನ ಹೋದರು. ಏಳು ಜನ ಬೇಜಾರಿನಿಂದ ಬರೆದರು. ಒಬ್ಬರ ಮಾತು ನನಗೆ ಇನ್ನೂ ನೆನಪಿದೆ. ಅವರು ವಿಡಿಯೋ ಬಂದ ರಾತ್ರಿಯೇ ನೋಡಿ, ಕೆಳಗೆ ಮೊದಲ ಹತ್ತು ಕಾಮೆಂಟ್‌ಗಳಲ್ಲಿ ಒಂದು ತಮ್ಮದು ಇರುವಂತೆ ನೋಡಿಕೊಳ್ಳುತ್ತಿದ್ದರಂತೆ. ಆಗ ಗೆಳತಿ ಉತ್ತರ ಕೊಡುತ್ತಾಳೆ, ಎರಡು ದಿನ ಆದ ಮೇಲೆ ನೂರಾರು ಕಾಮೆಂಟ್ ಬಂದು ಅವರದು ಮುಳುಗಿಹೋಗುತ್ತದೆ. ಅವರು ಕೊಂಡುಕೊಂಡದ್ದು ಎರಡು ದಿನವನ್ನಲ್ಲ, ಆ ಉತ್ತರವನ್ನು.

ನಾನು ಕೇಳಿದ್ದು ಬಿಟ್ಟುಹೋದವರನ್ನು ಮಾತ್ರ. ಇದ್ದವರು ಯಾಕೆ ಇದ್ದಾರೆ ಅಂತ ಕೇಳಿರಲಿಲ್ಲ. ಒಂದು ಸೌಲಭ್ಯ ಯಾರನ್ನೂ ಕರೆತರದಿರಬಹುದು, ಆದರೂ ಒಂದಿಷ್ಟು ಜನರನ್ನು ಹಿಡಿದಿಟ್ಟಿರಬಹುದು. ಅದನ್ನು ವಾಪಸ್ ತಂದೆವು, ಈ ಸಲ ಒಂದನೇ ಲೆವೆಲ್‌ಗೇ. ಅದಕ್ಕೆ ಗೆಳತಿಗೆ ಒಂದು ನಿಮಿಷವೂ ಹೆಚ್ಚು ಕೆಲಸ ಇಲ್ಲ. ಹೋದ 9 ಜನರಲ್ಲಿ ನಾಲ್ವರು ಮರಳಿ ಬಂದರು.

ಇದ್ದವರನ್ನು ಕೇಳಿದಾಗ ಇನ್ನೊಂದು ಗೊತ್ತಾಯಿತು. ಬ್ಯಾಡ್ಜ್ ಬದಲಾಗುವುದು ಅವರಿಗೆ ನಾವಂದುಕೊಂಡದ್ದಕ್ಕಿಂತ ಮುಖ್ಯ. ಯೂಟ್ಯೂಬ್‌ನಲ್ಲಿ ಬ್ಯಾಡ್ಜ್ ಹೊಸಬರಿಗೆ ಒಂದು, ಆಮೇಲೆ 1, 2, 6, 12 ತಿಂಗಳಿಗೆ ಒಂದೊಂದು ರೂಪ ಪಡೆಯುತ್ತದೆ. ಗೆಳತಿ ಎಲ್ಲದಕ್ಕೂ ಒಂದೇ ಕುಂಚವನ್ನು ಬಣ್ಣ ಬದಲಿಸಿ ಹಾಕಿದ್ದಳು. ಚಾಟ್‌ನ ಚಿಕ್ಕ ಅಳತೆಯಲ್ಲಿ ಆ ಬಣ್ಣಗಳ ವ್ಯತ್ಯಾಸ ಗೊತ್ತೇ ಆಗುತ್ತಿರಲಿಲ್ಲ. ಈಗ ಆಕಾರವೇ ಬೇರೆ ಮಾಡಿದಳು. ಮೊದಲು ಒಂದು ಹನಿ, ಆಮೇಲೆ ಎರಡು ಹನಿ, ಆಮೇಲೆ ಕುಂಚ, ಆಮೇಲೆ ಪ್ಯಾಲೆಟ್. ಎರಡರಿಂದ ಆರನೇ ತಿಂಗಳವರೆಗೆ ಬ್ಯಾಡ್ಜ್ ಬದಲಾಗುವುದಿಲ್ಲ. ಆ ಖಾಲಿ ಜಾಗಕ್ಕೆ ಲೈವ್ ಚಾಟ್‌ನ ಮೈಲಿಗಲ್ಲು ಸಂದೇಶ ನೆರವಾಯಿತು. ಮೆಂಬರ್‌ಗಳು ಎರಡನೇ ತಿಂಗಳಿಂದ, ತಿಂಗಳಿಗೊಮ್ಮೆ, ತಾವು ಎಷ್ಟು ತಿಂಗಳಿಂದ ಇದ್ದೇವೆ ಎಂಬುದನ್ನು ಎದ್ದು ಕಾಣುವಂತೆ ಕಳಿಸಬಹುದು. ಗೆಳತಿ ಅದನ್ನು ಬಿಡದೆ ಓದಿ, "ಈ ತಿಂಗಳು ಏನು ಬಿಡಿಸಿದ್ರಿ?" ಅಂತ ಕೇಳುತ್ತಾಳೆ. ಮುಂದಿನ ಸಲ ಅವರು ಉತ್ತರ ಸಿದ್ಧ ಮಾಡಿಕೊಂಡೇ ಬರುತ್ತಾರೆ.

## ಆಮೇಲಿನ ಮೂರು ತಿಂಗಳು

ಏಳನೇ ತಿಂಗಳು ಹೊಸದಾಗಿ ಸೇರಿದವರು 43, ಅವರಲ್ಲಿ 33 ಜನ ಎರಡನೇ ತಿಂಗಳಿಗೆ ಉಳಿದರು. ಎಂಟನೇ ತಿಂಗಳು 40ರಲ್ಲಿ 31. ಒಂಬತ್ತನೇ ತಿಂಗಳು 47ರಲ್ಲಿ 38. ಒಟ್ಟು 130ರಲ್ಲಿ 28 ಜನ ಹೋದರು. ನೂರಕ್ಕೆ 32 ಇದ್ದದ್ದು 22ರ ಹತ್ತಿರ ಬಂತು. ಆ ತಿಂಗಳುಗಳಲ್ಲಿ ಗಿಫ್ಟ್ ಯಾರೂ ಕೊಟ್ಟಿರಲಿಲ್ಲ, ಹಾಗಾಗಿ ಹೋಲಿಕೆ ನೇರವಾಗಿದೆ. ಅವಳ ಕೆಲಸ ತಿಂಗಳಿಗೆ 18 ಗಂಟೆಯಿಂದ 11 ಗಂಟೆಗೆ ಇಳಿಯಿತು.

ಇದರಲ್ಲಿ ಯಾವ ಬದಲಾವಣೆ ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ಸಾಧ್ಯವಿಲ್ಲ. ಎಲ್ಲವನ್ನೂ ಒಟ್ಟೊಟ್ಟಿಗೆ ಮಾಡಿದೆವು. ಶುರುವಿನ ತಿಂಗಳು ಉತ್ಸಾಹದಲ್ಲಿ ಬರುವ ಜನರೂ ಆಮೇಲೆ ಬರುವ ಜನರೂ ಒಂದೇ ಥರ ಇರುವುದಿಲ್ಲ ಎಂಬುದೂ ನಿಜ. ಮತ್ತೆ ಮಾಡುವುದಾದರೆ ನಾನು ಲೈವ್ ತಾರೀಖನ್ನು ಮೊದಲು ಬದಲಿಸಿ, ಎರಡು ತಿಂಗಳು ಕಾದು, ಆಮೇಲೆ ಮಿಕ್ಕದ್ದಕ್ಕೆ ಕೈ ಹಾಕುತ್ತೇನೆ.

ಎರಡನೇ ತಿಂಗಳಿಂದ ಮೂರನೆಯದಕ್ಕೆ ಹೋಗುವಾಗಿನ ಇಳಿತ ಮಾತ್ರ ಇನ್ನೂ ಹಾಗೇ ಇದೆ. ನಾಲ್ಕೈದು ಜನರಲ್ಲಿ ಒಬ್ಬರು ಅಲ್ಲಿ ಹೋಗುತ್ತಿದ್ದಾರೆ. ನನ್ನ ಊಹೆ ಏನೆಂದರೆ, ಹಳೆಯ ಲೈವ್‌ಗಳನ್ನು ಮೊದಲ ಎರಡು ತಿಂಗಳಲ್ಲಿ ನೋಡಿ ಮುಗಿಸಿ ಹೊರಡುತ್ತಾರೆ. ಗೆಳತಿ ಈಗ ಒಂದೇ ದೃಶ್ಯವನ್ನು ನಾಲ್ಕು ಲೈವ್‌ಗಳಲ್ಲಿ ಬಿಡಿಸಿ ಮುಗಿಸುವ ಸರಣಿ ಶುರು ಮಾಡಿದ್ದಾಳೆ. ಸರದಿಯ ಸಾಲಿನಲ್ಲಿ ಇವತ್ತಿಗೆ 11 ಚಿತ್ರಗಳಿವೆ. ನಾಲ್ಕನೇ ಲೆವೆಲ್‌ನಲ್ಲಿ 17 ಜನ. 25 ದಾಟಿದರೆ ವಿಮರ್ಶೆಗೇ ಏಳೂವರೆ ಗಂಟೆ ಬೇಕು, ಅದಕ್ಕಿಂತ ಹೆಚ್ಚು ತನ್ನಿಂದ ಆಗುವುದಿಲ್ಲ ಅಂತ ಈಗಲೇ ಹೇಳಿಟ್ಟಿದ್ದಾಳೆ. ಒಂದನೇ ತಾರೀಖಿನ ಫೈಲ್ ಬಂದ ಕೂಡಲೇ ನಾನು ಮೊದಲು ನೋಡುವುದು ನಾಲ್ಕನೇ ಲೆವೆಲ್‌ನ ಆ ಸಂಖ್ಯೆಯನ್ನು.